ಕಾರ್ಡ್ ಕೊಟ್ಟ ರೋಸ್ಟರ್‌ಗೆ ಮಾರನೇ ದಿನ ಏನಂತ ಬರೆಯೋದು?

ಪ್ರಶ್ನೆ: ಸರ್, ಮಲ್ಲಂದೂರು ಹತ್ತಿರ ನಮ್ಮದು ಆರು ಎಕರೆ ಅರೇಬಿಕಾ ತೋಟ. ಫೆಬ್ರವರಿಯಲ್ಲಿ ಚಿಕ್ಕಮಗಳೂರಲ್ಲಿ ನಡೆದ ಬೆಳೆಗಾರರ ಕಾರ್ಯಕ್ರಮದಲ್ಲಿ ಕಾಫಿ ಹುರಿದು ಮಾರುವ ಬೆಂಗಳೂರಿನ ರೋಸ್ಟರ್ ಒಬ್ಬರು ಸಿಕ್ಕಿದ್ದರು. ಈ ವರ್ಷ ಮೊದಲ ಸಲ ಮಾಡಿದ ಹನಿ ಕಾಫಿ ಬಗ್ಗೆ ಹೇಳಿದೆ. ಎಷ್ಟು ದಿನ ಒಣಗಿಸಿದ್ರಿ, ಎಷ್ಟು ಮಾಲಿದೆ ಅಂತ ಆಸಕ್ತಿಯಿಂದ ಕೇಳಿದರು. ಸರಿಯಾಗಿ ನೆನಪಿರಲಿಲ್ಲ, ಮನೆಗೆ ಹೋಗಿ ನೋಡಿ ತಿಳಿಸ್ತೀನಿ ಅಂದೆ. ಕಾರ್ಡ್ ಕೊಟ್ಟರು. ಮಾರನೇ ದಿನ ಬೆಳಿಗ್ಗೆ ಆರೂವರೆಗೇ ವಾಟ್ಸ್ಯಾಪ್ ಮಾಡಿದೆ: "ಗುಡ್ ಮಾರ್ನಿಂಗ್ ಸರ್. ನಿನ್ನೆ ತಮ್ಮನ್ನು ಭೇಟಿ ಮಾಡಿ ತುಂಬಾ ಸಂತೋಷವಾಯಿತು. ನಮ್ಮ ತೋಟದ ಕಾಫಿ ಉತ್ತಮ ಗುಣಮಟ್ಟದ್ದು. ತಾವು ಖರೀದಿಸಿ ಪ್ರೋತ್ಸಾಹಿಸಬೇಕಾಗಿ ವಿನಂತಿ. ರೇಟ್ ಎಷ್ಟು ಕೊಡಬಹುದು ತಿಳಿಸಿ. ಒಮ್ಮೆ ತೋಟಕ್ಕೆ ಬನ್ನಿ." ಜೊತೆಗೆ ತೋಟದ ಹತ್ತು ಹನ್ನೆರಡು ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಈಗ ಏಪ್ರಿಲ್. ಕಾಫಿ ಇನ್ನೂ ಮನೆಯಲ್ಲೇ ಇದೆ. ಏನು ತಪ್ಪಾಯಿತು? ಇನ್ನೇನಾದರೂ ಮಾಡಬಹುದಾ?

ಉತ್ತರ: ಅವರು ಎರಡು ವಿಷಯ ಕೇಳಿದ್ದರು. ನಿಮ್ಮ ಮೆಸೇಜಿನಲ್ಲಿ ಆ ಎರಡೂ ಇಲ್ಲ. ಉಳಿದ ತಪ್ಪುಗಳೆಲ್ಲ ಇದರ ಮುಂದೆ ಚಿಕ್ಕವು.

ನಾನು ರೋಸ್ಟರ್‌ಗಳ ಪರವಾಗಿ ತೋಟಗಳಿಂದ ಕಾಫಿ ಆರಿಸಿ ಕೊಡುವ ಕೆಲಸದಲ್ಲಿರುವವನು. ಹಾಗಾಗಿ ಇಂಥ ಮೆಸೇಜ್ ಬಂದು ಬೀಳುವ ಫೋನು ಹೇಗಿರುತ್ತದೆ ಅನ್ನುವುದು ನನಗೆ ಗೊತ್ತು. ಒಂದು ಕಾರ್ಯಕ್ರಮ ಮುಗಿಸಿ ಬಂದ ರೋಸ್ಟರ್‌ಗೆ ಮಾರನೇ ದಿನ ಹೆಸರು ಸೇವ್ ಆಗದ ನಂಬರುಗಳಿಂದ ಸಾಲಾಗಿ ಮೆಸೇಜ್ ಬರುತ್ತವೆ. ಹೆಚ್ಚಿನವೆಲ್ಲ "ನಿನ್ನೆ ಭೇಟಿಯಾಗಿ ಸಂತೋಷವಾಯಿತು, ನಮ್ಮ ಕಾಫಿ ಉತ್ತಮ ಗುಣಮಟ್ಟದ್ದು" ಅನ್ನುವ ಧಾಟಿಯವೇ. ಬರೆದವರ ಹೆಸರು ತೆಗೆದು ಅದಲುಬದಲು ಮಾಡಿದರೂ ವ್ಯತ್ಯಾಸ ತಿಳಿಯುವುದಿಲ್ಲ. ನಿಮ್ಮ ಜೊತೆ ಮಾತಾಡಿದ್ದು ಅವರಿಗೆ ನೆನಪಿರಬಹುದು. ಮಲ್ಲಂದೂರಿನವರು, ಹನಿ ಮಾಡಿದವರು, ಒಣಗಿಸಿದ ದಿನ ಹೇಳ್ತೀನಿ ಅಂದವರು ಅನ್ನುವಷ್ಟು ಖಂಡಿತ ನೆನಪಿರುತ್ತದೆ. ಆದರೆ ಮೆಸೇಜಿನಲ್ಲಿ ಮಲ್ಲಂದೂರೂ ಇಲ್ಲ, ಹನಿಯೂ ಇಲ್ಲ, ನಿಮ್ಮ ಹೆಸರೂ ಇಲ್ಲ. ನೀವೇ ಅವರು ಅಂತ ಆ ಮನುಷ್ಯನಿಗೆ ಗೊತ್ತಾಗಿರುವ ಸಾಧ್ಯತೆ ಕಡಿಮೆ. ಇದರಲ್ಲಿ ಅವರ ಅಹಂಕಾರವೇನೂ ಇಲ್ಲ, ಬೇಸರ ಮಾಡಿಕೊಳ್ಳಬೇಡಿ.

ಇದೇ ಭೇಟಿಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಅಂಕಿಗಳನ್ನು ಉದಾಹರಣೆಗೆ ಹಾಕಿದ್ದೇನೆ, ಆ ಜಾಗದಲ್ಲಿ ನಿಮ್ಮ ಲೆಕ್ಕದ ಅಂಕಿ ಬರಬೇಕು.

"ನಮಸ್ಕಾರ ಸರ್, ನಾನು ……, ಮಲ್ಲಂದೂರು. ನಿನ್ನೆ ಚಿಕ್ಕಮಗಳೂರಲ್ಲಿ ಊಟದ ಹೊತ್ತಿಗೆ ಹನಿ ಕಾಫಿ ಬಗ್ಗೆ ಮಾತಾಡಿದ್ದೆವು.

ಎಷ್ಟು ದಿನ ಒಣಗಿಸಿದ್ದು ಅಂತ ಕೇಳಿದ್ರಿ. ಮನೆಗೆ ಬಂದು ಬರೆದಿಟ್ಟಿದ್ದು ನೋಡಿದೆ. ಜಾಲರಿ ಮೇಲೆ 16 ದಿನ, ಅದರಲ್ಲಿ ಮೊದಲ 4 ದಿನ ನೆರಳಲ್ಲಿ. ಮೂಟೆ ಕಟ್ಟುವಾಗ ಮಾಯಿಶ್ಚರ್ 10.8 ಇತ್ತು. ಡಿಸೆಂಬರ್ ಕೊನೇ ವಾರ ಕೊಯ್ದ ಹಣ್ಣು, ಹೆಚ್ಚಿನದು 795. ಒಟ್ಟು 180 ಕೆಜಿ ಪಾರ್ಚ್‌ಮೆಂಟ್ ಇದೆ, ಇನ್ನೂ ಹಲ್ಲಿಂಗ್ ಮಾಡಿಸಿಲ್ಲ.

ಸ್ಯಾಂಪಲ್‌ಗೆ ಅರ್ಧ ಕೆಜಿ ಕಳಿಸಲಾ? ಹೂಂ ಅಂದ್ರೆ ಕಾರ್ಡಿನಲ್ಲಿರೋ ವಿಳಾಸಕ್ಕೆ ಸೋಮವಾರ ಕೊರಿಯರ್ ಮಾಡ್ತೀನಿ."

ಇಷ್ಟೇ. ನೀವು ಬರೆದದ್ದಕ್ಕಿಂತ ಇದು ಉದ್ದವೇ ಇದೆ. ಮೆಸೇಜ್ ಚಿಕ್ಕದಿರಬೇಕು ಅಂತ ಎಲ್ಲರೂ ಹೇಳುತ್ತಾರೆ, ನಾನು ಅಷ್ಟಾಗಿ ಒಪ್ಪುವುದಿಲ್ಲ. ಕೇಳಿದ್ದಕ್ಕೆ ಉತ್ತರ ಇದ್ದರೆ ನಾಲ್ಕು ಸಾಲು ಹೆಚ್ಚಾದರೂ ಓದುತ್ತಾರೆ.

ಮೊದಲ ಸಾಲು ಹಾಗಿರುವುದಕ್ಕೆ ಕಾರಣವಿದೆ. ಫೋನು ತೆರೆಯದೆಯೇ ಮೇಲೆ ಕಾಣುವುದು ಮೆಸೇಜಿನ ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ "ಗುಡ್ ಮಾರ್ನಿಂಗ್ ಸರ್, ನಿನ್ನೆ ತಮ್ಮನ್ನು" ಅಂತಿದ್ದರೆ ಯಾರೆಂದು ತಿಳಿಯಲು ಒಳಗೆ ಹೋಗಿ ನೋಡಬೇಕು. ಹೆಸರು, ಊರು, ಎಲ್ಲಿ ಸಿಕ್ಕಿದ್ದು, ಯಾವ ಮಾತು ಅನ್ನುವ ನಾಲ್ಕೂ ಮೊದಲೇ ಬಂದರೆ ನಿನ್ನೆಯ ಮುಖ ತಕ್ಷಣ ನೆನಪಾಗುತ್ತದೆ. "ಊಟದ ಹೊತ್ತಿಗೆ" ಅನ್ನುವ ಎರಡು ಪದವನ್ನೂ ಬಿಡಬೇಡಿ. ಜನಜಂಗುಳಿಯಲ್ಲಿ ಎಲ್ಲಿ ನಿಂತು ಮಾತಾಡಿದ್ದು ಅನ್ನುವುದರಿಂದಲೇ ಮನುಷ್ಯರು ನೆನಪಾಗುವುದು. ಹಾಗೆಯೇ ನಿಮ್ಮ ವಾಟ್ಸ್ಯಾಪ್ ಪ್ರೊಫೈಲಿನಲ್ಲಿ ಹೆಸರಿನ ಜೊತೆ ಊರು ಸೇರಿಸಿ, ದೇವರ ಫೋಟೋ ಅಥವಾ ಹೂವಿನ ಬದಲು ನಿಮ್ಮ ಮುಖ ಕಾಣುವ ಫೋಟೋ ಹಾಕಿ. ನಂಬರ್ ಸೇವ್ ಮಾಡದವರಿಗೆ ನಿಮ್ಮ ಗುರುತು ಹತ್ತುವುದು ಅದರಿಂದಲೇ.

ಎರಡನೇ ಭಾಗವೇ ಮೆಸೇಜಿನ ಜೀವ. ಅವರು ಒಣಗಿಸಿದ ದಿನ ಕೇಳಿದ್ದು ಸುಮ್ಮನೆ ಮಾತಿಗಲ್ಲ. ಹನಿಯಲ್ಲಿ ಹಣ್ಣನ್ನು ಪಲ್ಪ್ ಮಾಡಿ ಬೀಜದ ಮೇಲಿನ ಲೋಳೆ ತೊಳೆಯದೆ ಹಾಗೇ ಒಣಗಿಸುತ್ತೀರಲ್ಲ, ಎಲ್ಲ ಏರುಪೇರು ಆಗುವುದೂ ಅಲ್ಲೇ. ದಪ್ಪ ಹಾಸಿ ಕೈಯಾಡಿಸದೆ ಬಿಟ್ಟರೆ ಅಂಟಿಕೊಂಡು ಉಂಡೆಯಾಗುತ್ತದೆ, ಬೂಷ್ಟು ಬರುತ್ತದೆ, ಕಪ್ಪಿನಲ್ಲಿ ಹುಳಿದ ವಾಸನೆ ಬರುತ್ತದೆ. ಕಣದ ಸಿಮೆಂಟ್ ಮೇಲೆ ಬಿರುಬಿಸಿಲಿಗೆ ಬೇಗ ಒಣಗಿಸಿದರೆ ಮೇಲೆ ಒಣಗಿದಂತೆ ಕಂಡು ಒಳಗೆ ತೇವ ಉಳಿಯುತ್ತದೆ, ಕೆಲವು ತಿಂಗಳಲ್ಲಿ ರುಚಿ ಸಪ್ಪೆಯಾಗುತ್ತದೆ. ಹಾಗಾಗಿ ಎಷ್ಟು ದಿನ, ಯಾವುದರ ಮೇಲೆ, ನೆರಳಲ್ಲೋ ಬಿಸಿಲಲ್ಲೋ, ಕೊನೆಗೆ ತೇವಾಂಶ ಎಷ್ಟು ಅನ್ನುವುದು ಗೊತ್ತಾದರೆ ಸ್ಯಾಂಪಲ್ ತರಿಸಿಕೊಳ್ಳಬಹುದೋ ಬೇಡವೋ ಅಂತ ಅವರು ಕುಡಿದು ನೋಡುವ ಮುಂಚೆಯೇ ಅಂದಾಜು ಮಾಡಬಲ್ಲರು. "ಉತ್ತಮ ಗುಣಮಟ್ಟ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "16 ದಿನ, 10.8" ಅಂದರೆ ಬಹಳ ತಿಳಿಯುತ್ತದೆ. ಬರೆದಿಡುವ ಅಭ್ಯಾಸ ಇರುವ ಬೆಳೆಗಾರರು ಅನ್ನುವುದೂ ತಿಳಿಯುತ್ತದೆ, ಮತ್ತು ಮುಂದಿನ ವರ್ಷವೂ ಇದೇ ರುಚಿ ಬೇಕೆನ್ನುವ ರೋಸ್ಟರ್ ಹುಡುಕುವುದು ಅಂಥವರನ್ನೇ.

ಬರೆದಿಟ್ಟಿಲ್ಲದಿದ್ದರೆ? ಅಂದಾಜಿಗೆ ಒಂದು ಅಂಕಿ ಹಾಕಬೇಡಿ. ಸ್ಯಾಂಪಲ್ ಕೈಗೆ ಸಿಕ್ಕಿದ ಕೂಡಲೇ ಅವರು ಮೀಟರಿನಲ್ಲಿ ಅಳೆಯುತ್ತಾರೆ. ನೀವು ಹೇಳಿದ್ದು 10.8, ಅಲ್ಲಿ ಬಂದದ್ದು 13 ಆದರೆ ಮಾತುಕತೆ ಅಲ್ಲಿಗೆ ಮುಗಿಯಿತು. "ಎರಡು ವಾರ ಮೇಲಾಯಿತು, ದಿನ ಬರೆದಿಟ್ಟಿಲ್ಲ. ಮಾಯಿಶ್ಚರ್ ಅಳೆಸಿ ಗುರುವಾರ ತಿಳಿಸ್ತೀನಿ" ಅಂತ ಬರೆಯಿರಿ. ಸ್ವಂತ ಮೀಟರ್ ಇಲ್ಲದಿದ್ದರೂ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಥವಾ ಪಾರ್ಚ್‌ಮೆಂಟ್ ಕೊಳ್ಳುವ ವ್ಯಾಪಾರಿಯ ಬಳಿ ಅಳೆಸಬಹುದು. ಗುರುವಾರ ಅಂದಮೇಲೆ ಗುರುವಾರವೇ ತಿಳಿಸಿ. ಆಗ ಎರಡನೇ ಮೆಸೇಜ್ ಹಾಕಲು ಸರಿಯಾದ ಕಾರಣವೂ ಸಿಕ್ಕಂತಾಗುತ್ತದೆ.

ತಳಿಯ ವಿಷಯದಲ್ಲೂ ಹಾಗೇ. ನಮ್ಮ ಕಡೆ ಬಹಳ ತೋಟಗಳಲ್ಲಿ 795 ಜೊತೆ ಚಂದ್ರಗಿರಿಯೋ ಕಾವೇರಿಯೋ ಬೆರೆತಿರುತ್ತದೆ. "ಹೆಚ್ಚಿನದು 795" ಅನ್ನುವುದು ಪ್ರಾಮಾಣಿಕ ಮಾತು, ಅದರಿಂದ ನಷ್ಟವೇನೂ ಇಲ್ಲ.

ಇನ್ನು ನಾನು ಬರೆದ ಮೆಸೇಜಿನ ಕೊನೆಯ ಪ್ರಶ್ನೆ. ನಿಮ್ಮ ಮೆಸೇಜಿನಲ್ಲಿ ಮೂರು ಬೇಡಿಕೆ ಇದ್ದವು: ಖರೀದಿಸಿ, ರೇಟ್ ಹೇಳಿ, ತೋಟಕ್ಕೆ ಬನ್ನಿ. ರುಚಿಯನ್ನೇ ನೋಡದ ಕಾಫಿಗೆ ಅವರು ರೇಟ್ ಹೇಗೆ ಹೇಳುತ್ತಾರೆ? ಬೆಂಗಳೂರಿನಿಂದ ಮಲ್ಲಂದೂರಿಗೆ ಬರಬೇಕೆಂದರೆ ಒಂದು ದಿನ ಪೂರ್ತಿ ಬೇಕು. ಇವಕ್ಕೆ ಹೂಂ ಅನ್ನಲೂ ಆಗದು, ಉಹೂಂ ಅನ್ನಲು ದಾಕ್ಷಿಣ್ಯ. ಅಂಥ ಸಂದರ್ಭದಲ್ಲಿ ಒಳ್ಳೆಯ ಮನುಷ್ಯರೂ ಆಮೇಲೆ ಉತ್ತರಿಸೋಣ ಅಂದುಕೊಂಡು ಮರೆತುಬಿಡುತ್ತಾರೆ. "ಅರ್ಧ ಕೆಜಿ ಕಳಿಸಲಾ?" ಅನ್ನುವುದಕ್ಕೆ ಲಿಫ್ಟಿನಲ್ಲಿ ನಿಂತುಕೊಂಡೇ "ಕಳಿಸಿ" ಅಂತ ಟೈಪ್ ಮಾಡಬಹುದು. ಅವರ ಕಡೆಯಿಂದ ಖರ್ಚಿಲ್ಲ, ಖರೀದಿಸುವ ಮಾತೂ ಕೊಟ್ಟಂತಾಗಲಿಲ್ಲ.

ಅರ್ಧ ಕೆಜಿ ಪಾರ್ಚ್‌ಮೆಂಟ್ ಅಂದರೆ ಹೊಟ್ಟು ತೆಗೆದ ಮೇಲೆ ನಾನೂರು ಗ್ರಾಂ ಆಸುಪಾಸು ಬೀಜ. ಡಿಫೆಕ್ಟ್ ಎಣಿಸಲು ಸಾಮಾನ್ಯವಾಗಿ 350 ಗ್ರಾಂ ತೆಗೆದುಕೊಳ್ಳುತ್ತಾರೆ, ಹುರಿದು ಕಪ್ಪಿಂಗ್ ಮಾಡಿ ರುಚಿ ನೋಡುವುದಕ್ಕೂ ಅದರಲ್ಲೇ ಆಗುತ್ತದೆ. ಕೆಲವು ರೋಸ್ಟರ್‌ಗಳ ಬಳಿ ಚಿಕ್ಕ ಹಲ್ಲರ್ ಇರುವುದಿಲ್ಲ. ಅಂಥವರು "ಕ್ಲೀನ್ ಮಾಡಿ ಕಳಿಸಿ" ಅಂದರೆ ಕ್ಯೂರಿಂಗ್‌ನವರಲ್ಲಿ ಸ್ಯಾಂಪಲ್ ಹಲ್ಲಿಂಗ್ ಮಾಡಿಸಿ ಕಳಿಸಬೇಕಾಗುತ್ತದೆ. ಎಲ್ಲ ಮೂಟೆಗಳಿಂದಲೂ ಒಂದೊಂದು ಹಿಡಿ ತೆಗೆದು ಬೆರೆಸಿ. ಚೆನ್ನಾಗಿ ಕಾಣುವ ಒಂದೇ ಮೂಟೆಯಿಂದ ತೆಗೆದು ಕಳಿಸಿದರೆ ಸ್ಯಾಂಪಲ್ ಒಂದು ಥರ, ಬಂದ ಮಾಲು ಇನ್ನೊಂದು ಥರ ಆಗುತ್ತದೆ. ಎಷ್ಟು ಚೆಂದದ ಮೆಸೇಜ್ ಬರೆದಿದ್ದರೂ ಆ ಸಂಬಂಧ ಮತ್ತೆ ಕೂಡುವುದಿಲ್ಲ.

ರೇಟಿನ ಮಾತು ನೀವಾಗಿ ಎತ್ತಬೇಡಿ. ಆದರೆ ಹಿಂದಿನ ದಿನ ಅವರೇ ಕೇಳಿದ್ದರೆ ತಪ್ಪಿಸಿಕೊಳ್ಳಬೇಡಿ, ಬರೆಯಿರಿ. ಅಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ನಮ್ಮ ತಲೆಯಲ್ಲಿರುವ ಬೆಲೆ 50 ಕೆಜಿ ಪಾರ್ಚ್‌ಮೆಂಟ್ ಮೂಟೆಯದು. ರೋಸ್ಟರ್ ತಲೆಯಲ್ಲಿರುವುದು ಕ್ಯೂರಿಂಗ್ ಆದ ಬೀಜದ ಒಂದು ಕೆಜಿಯದು. ಉದಾಹರಣೆಗೆ ಮೂಟೆಗೆ 25,000 ರೂಪಾಯಿ ಸಿಕ್ಕರೆ ಸಾಕು ಅಂತ ನಿಮ್ಮ ಲೆಕ್ಕ ಅಂದುಕೊಳ್ಳೋಣ. ಅಂದರೆ ಪಾರ್ಚ್‌ಮೆಂಟ್ ಕೆಜಿಗೆ 500. ನೀವು ಬರೀ "ಕೆಜಿಗೆ 500" ಅಂತ ಬರೆದರೆ ಅವರು ಕ್ಲೀನ್ ಬೀಜಕ್ಕೆ 500 ಅಂತ ಓದಿಕೊಳ್ಳುತ್ತಾರೆ. ಆದರೆ 50 ಕೆಜಿ ಪಾರ್ಚ್‌ಮೆಂಟ್‌ನಿಂದ ಬರುವ ಕ್ಲೀನ್ ಕಾಫಿ ಸುಮಾರು 40 ಕೆಜಿ. 25,000 ಅನ್ನು 40ರಿಂದ ಭಾಗಿಸಿದರೆ 625. ಹನಿಯಲ್ಲಿ ಒಣಗಿದ ಲೋಳೆಯ ತೂಕವೂ ಹೊಟ್ಟಿನ ಜೊತೆ ಹೋಗುವುದರಿಂದ ಔಟ್‌ಟರ್ನ್ ಇನ್ನೂ ತುಸು ಕಡಿಮೆ. ಮೇಲೆ ಕ್ಯೂರಿಂಗ್ ಖರ್ಚು, ಸಾಗಾಣಿಕೆ. ಒಂದು ಕೆಜಿಗೆ 125 ರೂಪಾಯಿಗೂ ಹೆಚ್ಚು ವ್ಯತ್ಯಾಸ, ಅದೂ ಮೊದಲ ಮೆಸೇಜಿನಲ್ಲೇ. ಆಮೇಲೆ ಸರಿಮಾಡಲು ಹೋದರೆ ಮಾತು ಬದಲಿಸಿದರು ಅಂತ ಅನ್ನಿಸಿಕೊಳ್ಳುತ್ತೀರಿ. ಆದ್ದರಿಂದ ಬೆಲೆ ಬರೆಯುವುದಿದ್ದರೆ ಪಾರ್ಚ್‌ಮೆಂಟ್‌ಗೋ ಕ್ಲೀನ್‌ಗೋ, ತೋಟದ ಬಾಗಿಲಲ್ಲೋ ಬೆಂಗಳೂರಿಗೆ ತಲುಪಿಸಿಯೋ ಅನ್ನುವ ಎರಡನ್ನೂ ಅದೇ ಸಾಲಿನಲ್ಲಿ ಬರೆಯಿರಿ.

ಫೋಟೋ ಎರಡು ಸಾಕು. ಒಂದು, ಜಾಲರಿ ಮೇಲೆ ಒಣಗುತ್ತಿದ್ದ ಪಾರ್ಚ್‌ಮೆಂಟ್‌ನದು, ಆಗ ತೆಗೆದದ್ದಿದ್ದರೆ. ಇನ್ನೊಂದು, ಒಂದು ಹಿಡಿ ಬೀಜದ ಹೊಟ್ಟು ಕೈಯಲ್ಲೇ ತೆಗೆದು, ಬಿಳಿ ಕಾಗದದ ಮೇಲೆ ಹರಡಿ, ಜಗುಲಿಯ ಬೆಳಕಿನಲ್ಲಿ ಹತ್ತಿರದಿಂದ ತೆಗೆದದ್ದು. ಬಣ್ಣ ಒಂದೇ ಸಮ ಇದೆಯೇ, ಒಡೆದದ್ದು ಎಷ್ಟು, ಕಪ್ಪಾದದ್ದು ಇದೆಯೇ ಅಂತ ಅವರು ಅದರಲ್ಲೇ ನೋಡುತ್ತಾರೆ. ಮಂಜಿನಲ್ಲಿ ಮುಳುಗಿದ ಗುಡ್ಡ, ಹೂ ಬಿಟ್ಟ ತೋಟ ಎಲ್ಲ ಚೆಂದವೇ. ವ್ಯಾಪಾರ ಕುದುರಿದ ಮೇಲೆ ಪ್ಯಾಕೆಟಿನ ಮೇಲೆ ಹಾಕಲು ಅವರೇ ಕೇಳುತ್ತಾರೆ, ಆಗ ಕಳಿಸಿ.

ವಾಯ್ಸ್ ಮೆಸೇಜ್ ಬೇಡ. ಎರಡು ವಾರದ ನಂತರ "ಹನಿ ಕಾಫಿಯವರು ಯಾರೋ ಇದ್ದರಲ್ಲ" ಅಂತ ಅವರು ಫೋನಿನಲ್ಲಿ ಹುಡುಕಿದರೆ ಬರೆದ ಅಕ್ಷರ ಸಿಗುತ್ತದೆ, ಧ್ವನಿ ಸಿಗುವುದಿಲ್ಲ. ಇದೇ ಕಾರಣಕ್ಕೆ, ಕನ್ನಡದಲ್ಲಿ ಬರೆದರೂ ನಿಮ್ಮ ಊರಿನ ಹೆಸರನ್ನೂ ಹನಿ ಅನ್ನುವುದನ್ನೂ ಕೊನೆಯಲ್ಲಿ ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಹಾಕುವುದು ಒಳ್ಳೆಯದು. ಬೆಂಗಳೂರಿನವರು ಹುಡುಕುವಾಗ ಹೆಚ್ಚಾಗಿ ಇಂಗ್ಲಿಷ್ ಕೀಬೋರ್ಡಿನಲ್ಲೇ ಟೈಪ್ ಮಾಡುತ್ತಾರೆ. ಮೆಸೇಜ್ ಯಾವ ಭಾಷೆಯಲ್ಲಿರಬೇಕು ಅಂದರೆ, ನಿನ್ನೆ ಯಾವ ಭಾಷೆಯಲ್ಲಿ ಮಾತಾಡಿದಿರೋ ಅದರಲ್ಲೇ. ಎದುರಿಗೆ ಸಲೀಸಾಗಿ ಕನ್ನಡ ಮಾತಾಡಿ ಮಾರನೇ ದಿನ "ತಾವು", "ವಿನಂತಿ", "ಪ್ರೋತ್ಸಾಹಿಸಬೇಕಾಗಿ" ಅಂತ ಅರ್ಜಿಯ ಭಾಷೆಗೆ ಹೋದರೆ ಬೇರೆ ಯಾರೋ ಬರೆದಂತಿರುತ್ತದೆ. ನೀವು ಅವರ ಬಳಿ ಸಹಾಯ ಕೇಳುತ್ತಿಲ್ಲ. ಅವರಿಗೆ ಬೇಕಾದ ಮಾಲು ನಿಮ್ಮಲ್ಲಿದೆ.

ಬೆಳಿಗ್ಗೆ ಆರೂವರೆ ಸ್ವಲ್ಪ ಬೇಗವಾಯಿತು. ಆ ಹೊತ್ತಿಗೆ ಎಲ್ಲರ ಫೋನಿಗೂ ಶುಭೋದಯದ ಚಿತ್ರಗಳು ಬಂದು ಬೀಳುತ್ತಿರುತ್ತವೆ, ನಿಮ್ಮದೂ ಅದರ ಅಡಿಯಲ್ಲಿ ಹೋಗುತ್ತದೆ. ಹತ್ತು ಹನ್ನೊಂದರ ಹೊತ್ತು ಒಳ್ಳೆಯದು. ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೇಟೆಗೆ ಹೋದಾಗ ಕಳಿಸಿ, ಮಧ್ಯಾಹ್ನ ಆದರೂ ಅಡ್ಡಿಯಿಲ್ಲ. ಮೂರು ನಾಲ್ಕು ದಿನ ಮಾತ್ರ ಬಿಡಬೇಡಿ. ಅಷ್ಟರಲ್ಲಿ ಅವರ ತಲೆಯಿಂದ ಮಲ್ಲಂದೂರು ಹೋಗಿ ಬೇರೆ ಊರು ಬಂದಿರುತ್ತದೆ.

ಮುಂದಿನ ಸಲ ಹೋದಾಗ ಒಂದು ಕೆಲಸ ಅಲ್ಲೇ ಮಾಡಿ. ಕಾರ್ಡ್ ಕೈಗೆ ಬಂದ ಮೇಲೆ ಪಕ್ಕಕ್ಕೆ ಬಂದು ಅದರ ಹಿಂಬದಿಯಲ್ಲಿ ಮೂರು ಪದ ಬರೆದುಕೊಳ್ಳಿ: ಅವರು ಏನು ಕೇಳಿದರು, ನೀವು ಏನು ಹೇಳ್ತೀನಿ ಅಂದಿರಿ, ಎಲ್ಲಿ ನಿಂತು ಮಾತಾಡಿದಿರಿ. ಸಂಜೆ ಮನೆಗೆ ಬರುವಷ್ಟರಲ್ಲಿ ನಾಲ್ಕು ಕಾರ್ಡು ಕೈಯಲ್ಲಿದ್ದರೆ ಯಾರು ಯಾವುದನ್ನು ಕೇಳಿದ್ದು ಅಂತ ಕಲೆಸಿಹೋಗುತ್ತದೆ. ಮಾರನೇ ದಿನದ ಮೆಸೇಜಿಗೆ ಬೇಕಾದದ್ದು ಆ ಮೂರು ಪದದಲ್ಲಿರುತ್ತದೆ. ನಿಮ್ಮನ್ನು ಅವರಿಗೆ ಯಾರಾದರೂ ಪರಿಚಯ ಮಾಡಿಸಿದ್ದರೆ ಆ ಹಿರಿಯರಿಗೂ ಅದೇ ದಿನ ಒಂದು ಫೋನ್ ಮಾಡಿ ಹೇಳಿ. ಮುಂದೆ ಆ ರೋಸ್ಟರ್ "ಅವರು ಹೇಗೆ?" ಅಂತ ವಿಚಾರಿಸುವುದು ಅವರನ್ನೇ.

ಈಗ ನಿಮ್ಮ ಮನೆಯಲ್ಲಿರುವ ಮಾಲಿನ ವಿಷಯಕ್ಕೆ ಬರೋಣ. ಇನ್ನೂ ಕೈ ಬಿಟ್ಟುಹೋಗಿಲ್ಲ, ಆದರೆ ಸಮಯ ಬಹಳ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮ ಕಡೆಯ ಹವೆಗೆ ಗೋಡೌನಿನಲ್ಲಿರುವ ಪಾರ್ಚ್‌ಮೆಂಟ್ ತೇವ ಎಳೆದುಕೊಳ್ಳುತ್ತದೆ, ಬೀಜ ಬಿಳಿಚಿಕೊಳ್ಳಲು ಶುರುವಾಗುತ್ತದೆ. ಹಾಗಾಗಿ ಮೊದಲು ಮೆಸೇಜ್ ಅಲ್ಲ, ಮಾಯಿಶ್ಚರ್. ಎಲ್ಲ ಮೂಟೆಯಿಂದ ತೆಗೆದು ಅಳೆಸಿ. 11ರ ಆಸುಪಾಸು ಇದ್ದರೆ ಅವತ್ತೇ ಬರೆಯಿರಿ. 12 ದಾಟಿದ್ದರೆ ಬಿಸಿಲಿರುವ ದಿನ ಜಾಲರಿ ಮೇಲೆ ತೆಳ್ಳಗೆ ಹರಡಿ ಇಳಿಸಿಕೊಂಡು, ಮತ್ತೆ ಅಳೆಸಿ, ಆಮೇಲೆ ಬರೆಯಿರಿ. ಮೂಟೆ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ಈ ರೋಸ್ಟರ್‌ಗೆ ಅದನ್ನು ಕಳಿಸಲೇಬೇಡಿ. ಮಾಮೂಲಿ ವ್ಯಾಪಾರಕ್ಕೆ ಕೊಟ್ಟು, ಬರುವ ಡಿಸೆಂಬರ್‌ನ ಮಾಲಿಗೆ ಅವರನ್ನು ಉಳಿಸಿಕೊಳ್ಳಿ.

ಫೆಬ್ರವರಿಯ ಮೆಸೇಜಿಗೆ ಉತ್ತರ ಬರಲಿಲ್ಲ ಅನ್ನುವುದನ್ನು ಎತ್ತಬೇಡಿ. "ಬಿಝಿ ಇದ್ದಿರಬೇಕು", "ನೆನಪಿದೆಯಾ ಸರ್" ಅನ್ನುವುದೆಲ್ಲ ಓದುವವರಿಗೆ ಆಕ್ಷೇಪಣೆಯ ಹಾಗೆ ಕೇಳುತ್ತದೆ. ಅವರು ಕೇಳಿದ್ದ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ, ಅದಕ್ಕೆ ಉತ್ತರ ಕೊಡುವುದೇ ನೀವು ಬರೆಯಲು ಕಾರಣ.

"ನಮಸ್ಕಾರ ಸರ್, ಮಲ್ಲಂದೂರಿನಿಂದ ……. ಫೆಬ್ರವರಿಯಲ್ಲಿ ಚಿಕ್ಕಮಗಳೂರಲ್ಲಿ ಹನಿ ಕಾಫಿ ಬಗ್ಗೆ ಮಾತಾಡಿದ್ದೆವು. ಎಷ್ಟು ದಿನ ಒಣಗಿಸಿದ್ದು, ಎಷ್ಟಿದೆ ಅಂತ ನೀವು ಕೇಳಿದ್ರಿ, ನಾನು ಹೇಳೋದು ಬಾಕಿ ಇತ್ತು. ಜಾಲರಿ ಮೇಲೆ 16 ದಿನ, 180 ಕೆಜಿ ಪಾರ್ಚ್‌ಮೆಂಟ್. ನಿನ್ನೆ ಅಳೆಸಿದಾಗ ಮಾಯಿಶ್ಚರ್ 11.1 ಇದೆ. ಮೇ ಮೂರನೇ ವಾರ ಹಲ್ಲಿಂಗ್ ಮಾಡಿಸ್ತಿದ್ದೀನಿ. ಅದಕ್ಕೆ ಮುಂಚೆ ಅರ್ಧ ಕೆಜಿ ಸ್ಯಾಂಪಲ್ ಕಳಿಸಲಾ?"

ಹಲ್ಲಿಂಗ್ ದಿನ ಬರೆಯುವುದು ನಿಜವಾಗಿ ಆ ದಿನ ಮಾಡಿಸುವುದಿದ್ದರೆ ಮಾತ್ರ. ಒಂದು ವಾರ ಹತ್ತು ದಿನ ಕಾಯಿರಿ. ಉತ್ತರ ಬರದಿದ್ದರೆ ಒಂದು ಸಲ ಫೋನ್ ಮಾಡಬಹುದು, ಮೆಸೇಜ್ ಓದಿದವರಿಗೆ ಆ ಕರೆ ಅಪರಿಚಿತವಾಗಿರುವುದಿಲ್ಲ. ಅದಕ್ಕೂ ಎತ್ತದಿದ್ದರೆ ಈ ಲಾಟನ್ನು ಬೇರೆಯವರಿಗೆ ತೋರಿಸಿ. ಇದೇ ಮೆಸೇಜಿನ ಮೊದಲ ಎರಡು ಸಾಲು ಬದಲಿಸಿದರೆ ಬೇರೆ ರೋಸ್ಟರ್‌ಗೂ ಆಗುತ್ತದೆ, ಆದರೆ ಒಟ್ಟಿಗೆ ಹತ್ತು ಜನಕ್ಕೆ ಬ್ರಾಡ್‌ಕಾಸ್ಟ್ ಮಾಡಬೇಡಿ. ಸ್ಪೆಷಾಲಿಟಿ ರೋಸ್ಟರ್‌ಗಳು ಒಬ್ಬರಿಗೊಬ್ಬರು ಪರಿಚಯದವರೇ, ಒಂದೇ ಲಾಟು ಎಲ್ಲರ ಫೋನಿಗೂ ಬಂದಿದೆ ಅನ್ನುವುದು ಅವರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ.